ಹವಾನಿಯಂತ್ರಕದ ತಿಂಗಳ ವಿದ್ಯುತ್ ವೆಚ್ಚ

ಮನೆಯ ಎಸಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಮೂರು ಅಂಕಿಗಳಿಂದ ಲೆಕ್ಕ ಹಾಕುವುದು ರೂಢಿ: ಯಂತ್ರ ಎಷ್ಟು ವ್ಯಾಟಿನದು, ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ, ಯೂನಿಟ್ಟಿಗೆ ದರ ಎಷ್ಟು. ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ದಿನದ ಯೂನಿಟ್ ಸಿಗುತ್ತದೆ. ಅದನ್ನು ಮೂವತ್ತರಿಂದಲೂ ದರದಿಂದಲೂ ಗುಣಿಸಿದರೆ ತಿಂಗಳ ರೂಪಾಯಿ. 1,600 ವ್ಯಾಟ್ ಎಳೆಯುವ ಹಳೆಯ ಒಂದೂವರೆ ಟನ್ ಎಸಿ ದಿನಕ್ಕೆ 8 ಗಂಟೆ ನಡೆದರೆ 12.8 ಯೂನಿಟ್, ತಿಂಗಳಿಗೆ 384 ಯೂನಿಟ್, ಕರ್ನಾಟಕದ 2025-26ರ ಗೃಹಬಳಕೆ ದರ 5.80 ರೂಪಾಯಿಯಂತೆ 2,227 ರೂಪಾಯಿ. ಗುಣಾಕಾರದಲ್ಲಿ ತಪ್ಪೇನೂ ಇಲ್ಲ. ಆದರೂ ಕೈಗೆ ಬರುವ ಬಿಲ್ಲು ಈ ಮೊತ್ತಕ್ಕೆ ತಾಳೆಯಾಗುವುದು ಅಪರೂಪ. ಕೆಲವು ಮನೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಬರುತ್ತದೆ, ಕೆಲವು ಮನೆಗಳಲ್ಲಿ ಎಸಿ ಕಡಿಮೆ ಓಡಿದ್ದರೂ ಬಿಲ್ಲು ದಿಗಿಲು ಹುಟ್ಟಿಸುತ್ತದೆ. ಸೂತ್ರದೊಳಗೆ ನಾವು ಹಾಕುವ ಅಂಕಿಗಳೇ ಇದಕ್ಕೆ ಕಾರಣ. ವ್ಯಾಟು ಮತ್ತು ಗಂಟೆಯ ವಿಷಯದಲ್ಲಿ ನಮ್ಮ ಅಂದಾಜು ಸಾಮಾನ್ಯವಾಗಿ ಹೆಚ್ಚಿಗೆ ಹೋಗುತ್ತದೆ, ದರದ ವಿಷಯದಲ್ಲಿ ಕಡಿಮೆಯಾಗುತ್ತದೆ. ಕರ್ನಾಟಕದ ಮನೆಗಳ ಮಟ್ಟಿಗೆ ಹೆಚ್ಚು ಏಮಾರಿಸುವುದು ದರವೇ ಎಂಬುದನ್ನು ಮುಂದಿನ ಲೆಕ್ಕ ತೋರಿಸುತ್ತದೆ.

ಮೊದಲು ವ್ಯಾಟು. ಎಸಿಯ ಮೈಮೇಲಿನ ಚೀಟಿಯಲ್ಲಿ ಎರಡು ಬಗೆಯ ವ್ಯಾಟ್ ಇರುತ್ತವೆ, ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಒಂದು, ಕೋಣೆಯಿಂದ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಇದನ್ನೇ ಮಾರುಕಟ್ಟೆ ಟನ್ನಿನಲ್ಲಿ ಹೇಳುತ್ತದೆ. ಒಂದು ಟನ್ ಎಂದರೆ ಸುಮಾರು 3,517 ವ್ಯಾಟ್, ಹಾಗಾಗಿ ಒಂದೂವರೆ ಟನ್ನಿನ ಯಂತ್ರದ ಮೇಲೆ 5,000ದಿಂದ 5,300ರ ಆಸುಪಾಸಿನ ಅಂಕಿ ಇರುತ್ತದೆ. ಇದು ಯಂತ್ರ ತಿನ್ನುವ ಕರೆಂಟಲ್ಲ. ಎಸಿ ಶಾಖವನ್ನು ಹುಟ್ಟಿಸುವುದಿಲ್ಲ, ಒಳಗಿನದನ್ನು ಹೊರಗೆ ಸಾಗಿಸುತ್ತದೆ. ಆದ್ದರಿಂದ ಒಂದು ಪಾಲು ವಿದ್ಯುತ್ತಿಗೆ ಮೂರು, ನಾಲ್ಕು ಪಾಲು ಶಾಖ ಸಾಗಿಸಲು ಅದಕ್ಕೆ ಸಾಧ್ಯ. ನಮಗೆ ಬೇಕಾದ್ದು ಎರಡನೆಯ ಅಂಕಿ, ಅಂದರೆ ಯಂತ್ರ ಎಳೆಯುವ ವಿದ್ಯುತ್ತು. ಒಂದೂವರೆ ಟನ್ನಿನ ಇನ್ವರ್ಟರ್ ಎಸಿಯಲ್ಲಿ ಪೂರ್ತಿ ಸಾಮರ್ಥ್ಯದಲ್ಲಿ ನಡೆಯುವಾಗ ಇದು 1,400ರಿಂದ 1,700 ವ್ಯಾಟಿನವರೆಗೆ ಇರುತ್ತದೆ. ಅದೇ ಯಂತ್ರ ಅರ್ಧ ಸಾಮರ್ಥ್ಯಕ್ಕೆ ಇಳಿದಾಗ ಎಳೆಯುವುದು ಪೂರ್ತಿಯ ಅರ್ಧಕ್ಕಿಂತಲೂ ಕಡಿಮೆ, 500-600 ವ್ಯಾಟಿನ ಸುತ್ತಮುತ್ತ. ಕಂಪ್ರೆಸರ್ ನಿಧಾನವಾಗಿ ತಿರುಗುವಾಗ ಒಳಗಿನ ಮತ್ತು ಹೊರಗಿನ ಸುರುಳಿಗಳು ಆ ಕಡಿಮೆ ಶಾಖಕ್ಕೆ ದೊಡ್ಡದಾಗಿ ಒದಗುತ್ತವೆ, ಅದರಿಂದ ದಕ್ಷತೆ ಏರುತ್ತದೆ. ಕೋಣೆ ಒಮ್ಮೆ ತಣ್ಣಗಾದ ಮೇಲೆ ಇನ್ವರ್ಟರ್ ಎಸಿ ಬಹುಪಾಲು ಹೊತ್ತು ಈ ಕೆಳಗಿನ ಮಟ್ಟದಲ್ಲೇ ಇರುತ್ತದೆ. ಹೀಗಿರುವಾಗ ಚೀಟಿಯ ಗರಿಷ್ಠ ವ್ಯಾಟನ್ನು ಇಡೀ ರಾತ್ರಿಗೆ ಗುಣಿಸುವುದು ವೈರಿಂಗ್ ಮಾಡುವವನಿಗೂ ಜನರೇಟರ್ ಆರಿಸುವವನಿಗೂ ಸರಿಯಾದ ಲೆಕ್ಕ. ಬಿಲ್ ಕಟ್ಟುವವನಿಗೆ ಅಲ್ಲ.

ಈ ಏರಿಳಿತವನ್ನು ಒಂದೇ ಅಂಕಿಯಲ್ಲಿ ಹಿಡಿಯಲೆಂದೇ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಐಎಸ್‌ಇಇಆರ್ ಎಂಬ ಋತುಮಾನದ ಅಳತೆಯನ್ನು ತಂದಿದೆ. ಭಾರತದ ಹವೆಯಲ್ಲಿ 24ರಿಂದ 43 ಡಿಗ್ರಿಯವರೆಗಿನ ಬೇರೆ ಬೇರೆ ತಾಪಮಾನ ವರ್ಷಕ್ಕೆ ಎಷ್ಟೆಷ್ಟು ಗಂಟೆ ಇರುತ್ತದೆ ಎಂದು ಹಂಚಿಕೊಂಡು, ಒಟ್ಟು 1,600 ಗಂಟೆಗೆ ಯಂತ್ರ ಎಷ್ಟು ಯೂನಿಟ್ ತಿನ್ನುತ್ತದೆಂದು ಅದು ಎಣಿಸುತ್ತದೆ. ಸ್ಟಾರ್ ಚೀಟಿಯ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಅಚ್ಚಾಗಿರುವುದು ಈ ಎಣಿಕೆಯೇ. 2022ರ ಜುಲೈನಿಂದ ನಡೆದ ಮಾನದಂಡದಲ್ಲಿ ಐದು ಸ್ಟಾರ್ ಬೇಕಾದರೆ ಸ್ಪ್ಲಿಟ್ ಎಸಿಯ ಈ ಅಂಕ ಕನಿಷ್ಠ 5 ಇರಬೇಕಿತ್ತು, ಮೂರು ಸ್ಟಾರ್‌ಗೆ 3.8 ಸಾಕಿತ್ತು. ಒಂದೂವರೆ ಟನ್ನಿನ ಐದು ಸ್ಟಾರ್ ಯಂತ್ರದ ಚೀಟಿಯಲ್ಲಿ ಸುಮಾರು 750 ಯೂನಿಟ್ ಇದೆ ಎಂದುಕೊಳ್ಳಿ. ಅದನ್ನು 1,600ರಿಂದ ಭಾಗಿಸಿದರೆ ಗಂಟೆಗೆ 0.47 ಯೂನಿಟ್ ಬರುತ್ತದೆ. ಅದೇ ಯಂತ್ರದ ಗರಿಷ್ಠ 1,450 ವ್ಯಾಟು ಗಂಟೆಗೆ 1.45 ಯೂನಿಟ್ ಎನ್ನುತ್ತದೆ. ಒಂದೇ ಯಂತ್ರಕ್ಕೆ ಎರಡು ಉತ್ತರ, ನಡುವೆ ಮೂರು ಪಟ್ಟು ಅಂತರ! ಪ್ರಯೋಗಾಲಯದ ಅಂಕಿಯನ್ನು ನಂಬುವುದು ಹೇಗೆ ಎಂದು ಕೇಳಬಹುದು, ಕೇಳಬೇಕಾದ್ದೇ. ಇಡೀ ದೇಶದ ಸರಾಸರಿ ಹವೆಗೆ ಮಾಡಿದ ಎಣಿಕೆ ಕಲಬುರಗಿಯ ಮೇ ತಿಂಗಳಿಗೂ ಮಡಿಕೇರಿಗೂ ಒಂದೇ ಆಗಲಾರದು. ಆದರೆ ಎರಡು ಯಂತ್ರಗಳಲ್ಲಿ ಯಾವುದು ಕಡಿಮೆ ತಿನ್ನುತ್ತದೆ ಎಂದು ಹೋಲಿಸಲು ಅದು ಸಾಕು, ಮೊದಲ ಅಂದಾಜಿಗೂ ಗರಿಷ್ಠ ವ್ಯಾಟಿಗಿಂತ ಎಷ್ಟೋ ಮೇಲು.

ಗಂಟೆಯ ವಿಷಯಕ್ಕೆ ಬಂದರೆ, ರಿಮೋಟ್ ಒತ್ತಿದ ಹೊತ್ತಿನಿಂದ ಆರಿಸಿದ ಹೊತ್ತಿನವರೆಗಿನ ಗಂಟೆ ಬೇರೆ, ಕಂಪ್ರೆಸರ್ ದುಡಿದ ಗಂಟೆ ಬೇರೆ. ಹಳೆಯ ಮಾದರಿಯ ಎಸಿಯಲ್ಲಿ ಇದು ಕಿವಿಗೇ ಕೇಳುತ್ತದೆ: ಕೋಣೆ ನಿಗದಿಪಡಿಸಿದ ತಾಪಕ್ಕೆ ಇಳಿದೊಡನೆ ಹೊರಗಿನ ಡಬ್ಬಿ ಟಕ್ಕೆಂದು ನಿಲ್ಲುತ್ತದೆ, ಒಳಗಿನ ಫ್ಯಾನ್ ಮಾತ್ರ ಸುತ್ತುತ್ತಿರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಡಬ್ಬಿ ಗುಡುಗುಡು ಶುರುವಾಗುತ್ತದೆ. ಎಂಟು ಗಂಟೆಯಲ್ಲಿ ಕಂಪ್ರೆಸರ್ ಐದು ಗಂಟೆ ನಡೆದಿದ್ದರೆ ಮೇಲಿನ 384 ಯೂನಿಟ್ 240ಕ್ಕೆ ಇಳಿಯಿತೆಂದೇ ಲೆಕ್ಕ. ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಯಂತ್ರಕ್ಕಿಂತ ಹೆಚ್ಚಾಗಿ ಕೋಣೆ ನಿರ್ಧರಿಸುತ್ತದೆ. ಕೊನೆಯ ಮಹಡಿಯ ಆರ್‌ಸಿಸಿ ಸೂರು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹತ್ತರ ಮೇಲೂ ಒಳಕ್ಕೆ ಶಾಖ ಬಿಡುತ್ತದೆ. ಅಂಥ ಕೋಣೆಯಲ್ಲಿ ಮೊದಲ ಎರಡು ಗಂಟೆ ಯಂತ್ರ ಉಸಿರು ಬಿಡದೆ ದುಡಿಯುತ್ತದೆ. ಬೆಳಗಿನ ಜಾವಕ್ಕೆ ಅದೇ ಯಂತ್ರ ಬಹುತೇಕ ತೂಕಡಿಸುತ್ತಿರುತ್ತದೆ. ಹಾಗಾಗಿ ಮಧ್ಯಾಹ್ನದ ಮೂರು ಗಂಟೆ ರಾತ್ರಿಯ ಐದಾರು ಗಂಟೆಗೆ ಸಮವಾದರೂ ಆಶ್ಚರ್ಯವಿಲ್ಲ. ಕರಾವಳಿಯಲ್ಲಿ ತಾಪ ಕಡಿಮೆಯಿದ್ದರೂ ಯಂತ್ರಕ್ಕೆ ಇನ್ನೊಂದು ಕೆಲಸವಿದೆ, ಗಾಳಿಯ ತೇವವನ್ನು ನೀರಾಗಿಸಿ ಹೊರಹಾಕುವುದು. ಪೈಪಿನಿಂದ ತೊಟ್ಟಿಕ್ಕುವ ಪ್ರತಿ ಲೀಟರ್ ನೀರಿನ ಹಿಂದೆ ಕಂಪ್ರೆಸರಿನ ಒಂದಷ್ಟು ದುಡಿಮೆ ಇದೆ.

ಅಂದಾಜಿನ ಮೇಲೆ ಅಂದಾಜು ಕಟ್ಟುವುದಕ್ಕಿಂತ ಗೋಡೆಯ ಮೇಲಿನ ಮೀಟರನ್ನೇ ಕೇಳುವುದು ಒಳ್ಳೆಯದು. ಈ ಕೆಲಸಕ್ಕೆ ಯಾವ ಉಪಕರಣವೂ ಬೇಡ. ಮೀಟರಿನ ಪರದೆ ದಿನಾಂಕ, ಸಮಯ, ಗರಿಷ್ಠ ಬೇಡಿಕೆ ಎಂದು ಒಂದೊಂದಾಗಿ ತೋರಿಸುತ್ತ ಹೋಗುತ್ತದೆ. ಅದರಲ್ಲಿ kWh ಎಂದು ಬರುವ ಅಂಕಿಯೇ ಯೂನಿಟ್. ಎಸಿ ಹಾಕುವ ಮುನ್ನ ಒಮ್ಮೆ, ಬೆಳಿಗ್ಗೆ ಆರಿಸಿದೊಡನೆ ಇನ್ನೊಮ್ಮೆ ಅದನ್ನು ಬರೆದುಕೊಳ್ಳಬೇಕು. ಎಸಿ ಹಾಕದ ಇನ್ನೊಂದು ರಾತ್ರಿ ಅದೇ ಹೊತ್ತಿಗೆ ಮತ್ತೆರಡು ಸಲ ಬರೆದುಕೊಂಡರೆ ಫ್ರಿಜ್, ಫ್ಯಾನುಗಳ ಪಾಲು ಗೊತ್ತಾಗುತ್ತದೆ. ಎಸಿ ಇದ್ದ ರಾತ್ರಿ 6.1 ಯೂನಿಟ್, ಇಲ್ಲದ ರಾತ್ರಿ 1.7 ಎಂದು ಬಂದರೆ ಎಂಟು ಗಂಟೆಯಲ್ಲಿ ಎಸಿ ತಿಂದದ್ದು 4.4, ಗಂಟೆಗೆ 0.55. ಆ ಗಳಿಗೆಯಲ್ಲಿ ಎಷ್ಟು ಎಳೆಯುತ್ತಿದೆ ಎಂದು ನೋಡಬೇಕಾದರೆ ಮೀಟರಿನ ಕೆಂಪು ದೀಪದ ಮಿಣುಕು ಎಣಿಸಬಹುದು. ಅದರ ಪಕ್ಕದಲ್ಲಿ 3200 imp/kWh ಎಂದಿದ್ದರೆ 3,200 ಮಿಣುಕಿಗೆ ಒಂದು ಯೂನಿಟ್ ಎಂದರ್ಥ. ಉಳಿದೆಲ್ಲ ಆರಿಸಿ ಎಸಿ ಒಂದನ್ನೇ ಬಿಟ್ಟಾಗ ನಿಮಿಷಕ್ಕೆ 80 ಮಿಣುಕು ಬಂದರೆ ಅದು 1,500 ವ್ಯಾಟ್, 25 ಬಂದರೆ ಸುಮಾರು 470. ಹಾಕಿದ ತಕ್ಷಣ ಒಮ್ಮೆ, ಒಂದು ಗಂಟೆ ಬಿಟ್ಟು ಒಮ್ಮೆ ಎಣಿಸಿದವರಿಗೆ ಇನ್ವರ್ಟರಿನ ಸ್ವಭಾವವನ್ನು ಬೇರೆ ವಿವರಿಸಬೇಕಿಲ್ಲ. ಕ್ಲ್ಯಾಂಪ್ ಮೀಟರಿನಿಂದ ಆಂಪಿಯರ್ ಅಳೆದು 230ರಿಂದ ಗುಣಿಸುವವರೂ ಇದ್ದಾರೆ. ಅದರಲ್ಲಿ ಪವರ್ ಫ್ಯಾಕ್ಟರ್ ಸೇರುವುದಿಲ್ಲವಾಗಿ ಹಳೆಯ ಯಂತ್ರಗಳಲ್ಲಿ ಉತ್ತರ ಹೆಚ್ಚಿಗೆ ಬರುತ್ತದೆ. ಮನೆಯ ಬಿಲ್ಲು ನಿಂತಿರುವುದು kWh ಅಂಕಿಯ ಮೇಲೆ.

ಇನ್ನು ದರ. 2025-26ಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೃಹಬಳಕೆಗೆ ಯೂನಿಟ್ಟಿಗೆ 5.80 ರೂಪಾಯಿ ಗೊತ್ತುಪಡಿಸಿತು. ಬಿಲ್ಲಿನಲ್ಲಿ ಅದು ಒಂಟಿಯಾಗಿ ಬರುವುದಿಲ್ಲ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗಾಗಿ ಯೂನಿಟ್ಟಿಗೆ 36 ಪೈಸೆ, ವಿದ್ಯುತ್ ಶುಲ್ಕದ ಮೇಲೆ ಶೇಕಡ 9ರ ತೆರಿಗೆ ಸೇರಿದರೆ ಯೂನಿಟ್ಟು ಸುಮಾರು 6.68 ರೂಪಾಯಿಗೆ ನಿಲ್ಲುತ್ತದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಇಲ್ಲಿ ಬಿಟ್ಟಿದೆ. ಇದಲ್ಲದೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ. ಇದಿಷ್ಟೇ ಆಗಿದ್ದರೆ 5.80ರ ಬದಲು 6.68 ಹಾಕಿ ಎಂದು ಹೇಳಿ ಮುಗಿಸಬಹುದಿತ್ತು. ತೊಡಕಿರುವುದು ಮಿತಿ ದಾಟುವಲ್ಲಿ. 2023-24ರ ದರಪಟ್ಟಿಯಲ್ಲಿ 100 ಯೂನಿಟ್ಟಿನವರೆಗೆ 4.75 ರೂಪಾಯಿ ಇತ್ತು, ನೂರು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ 7 ರೂಪಾಯಿ. ಆಗ ಎಸಿ ತನ್ನ ಯೂನಿಟ್ಟುಗಳನ್ನು ಸೇರಿಸುವುದರ ಜೊತೆಗೆ, ಮೊದಲೇ ಇದ್ದ ದೀಪ, ಫ್ಯಾನು, ಫ್ರಿಜ್ಜಿನ ಯೂನಿಟ್ಟುಗಳ ಬೆಲೆಯನ್ನೂ ಏರಿಸುತ್ತಿತ್ತು. 2024ರ ಏಪ್ರಿಲ್‌ನಿಂದ ಆ ಹಂತ ಹೋಗಿ ಏಕರೂಪದ ದರ ಬಂತು. ಆದರೆ ಅಷ್ಟರಲ್ಲಿ ಗೃಹಜ್ಯೋತಿ ಯೋಜನೆ ಇನ್ನೂ ಕಡಿದಾದ ಒಂದು ಅಂಚನ್ನು ತಂದಿಟ್ಟಿತ್ತು.

2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಒಂದು ಅರ್ಹತಾ ಪ್ರಮಾಣವಿದೆ: ಸಾಮಾನ್ಯವಾಗಿ 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10. ಅಷ್ಟರೊಳಗಿದ್ದರೆ ಸೊನ್ನೆ ಬಿಲ್. ಅದನ್ನು ಮೀರಿದರೂ 200ರೊಳಗಿದ್ದರೆ ಮೀರಿದ ಯೂನಿಟ್ಟಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಇಡೀ ಬಿಲ್ಲು ಗ್ರಾಹಕನದು. ಕಲಬುರಗಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಂಜೂರಾದ ಲೋಡು 3 ಕಿಲೋವ್ಯಾಟ್, 2022-23ರ ಸರಾಸರಿ 120 ಯೂನಿಟ್, ಆದ್ದರಿಂದ ಅರ್ಹತೆ 132. ಎಸಿ ಇಲ್ಲದ ತಿಂಗಳಲ್ಲಿ ಮನೆ 130 ಯೂನಿಟ್ ಬಳಸಿ ಏನೂ ಕಟ್ಟುವುದಿಲ್ಲ. ಬೇಸಿಗೆಗೆ ಐದು ಸ್ಟಾರಿನ ಒಂದೂವರೆ ಟನ್ ಎಸಿ ಬಂತು, ಮೀಟರಿನಲ್ಲಿ ಅಳೆದಾಗ ಗಂಟೆಗೆ 0.55 ಯೂನಿಟ್. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 132 ಯೂನಿಟ್. ಪಟ್ಟಿಯ ದರ ಹಿಡಿದು ಎಣಿಸಿದವರು ಎಸಿಯ ಖರ್ಚು 766 ರೂಪಾಯಿ ಎಂದುಕೊಳ್ಳುತ್ತಾರೆ. ಬಿಲ್ಲು ಹೇಳುವುದು ಬೇರೆ: ಒಟ್ಟು 262 ಯೂನಿಟ್, 200ರ ಗೆರೆ ದಾಟಿದೆ, ಯೂನಿಟ್ಟಿಗೆ 6.68ರಂತೆ 1,750 ರೂಪಾಯಿ, ನಿಗದಿತ ಶುಲ್ಕ 435, ಕೂಡಿಸಿದರೆ ಹತ್ತಿರ ಹತ್ತಿರ 2,185. ಎಸಿ ಇಲ್ಲದಿದ್ದರೆ ಸೊನ್ನೆ ಬರುತ್ತಿತ್ತಾದ್ದರಿಂದ ಈ ಇಡೀ ಮೊತ್ತ ಎಸಿಯ ಖರ್ಚೇ. ಅದೇ ಮನೆ ಎಸಿಯನ್ನು 65 ಯೂನಿಟ್ಟಿಗೆ ನಿಲ್ಲಿಸಿಕೊಂಡಿದ್ದರೆ ಒಟ್ಟು 195 ಆಗಿ, ಅರ್ಹತೆಯ ಮೇಲಿನ 63 ಯೂನಿಟ್ಟಿಗೆ ಸುಮಾರು 421 ರೂಪಾಯಿ ಕಟ್ಟಿ ಪಾರಾಗುತ್ತಿತ್ತು. ಆಚೆಗಿನ 67 ಯೂನಿಟ್ಟಿಗೆ ತೆತ್ತದ್ದು 1,764 ರೂಪಾಯಿ, ಯೂನಿಟ್ಟಿಗೆ 26 ರೂಪಾಯಿಗೂ ಮೇಲೆ. ಯಾವ ದರಪಟ್ಟಿಯಲ್ಲೂ ಇಲ್ಲದ ದರ ಇದು! ಯೋಜನೆಯ ಹೊರಗಿರುವ ಮನೆಗೆ ಅದೇ 132 ಯೂನಿಟ್ಟಿನ ಖರ್ಚು 882 ರೂಪಾಯಿ ಮಾತ್ರ. ಒಂದೇ ಎಸಿ, ಒಂದೇ ಊರು, ಅಷ್ಟೇ ಗಂಟೆ.

ಇಲ್ಲಿ ಒಂದು ತಮಾಷೆಯೂ ಇದೆ. ಗರಿಷ್ಠ 1,450 ವ್ಯಾಟನ್ನೇ 8 ಗಂಟೆಗೆ ಹಿಡಿದು 5.80ರಿಂದ ಗುಣಿಸಿದ ಒರಟು ಲೆಕ್ಕ 2,018 ರೂಪಾಯಿ ಕೊಡುತ್ತದೆ, ಕಲಬುರಗಿಯ ಆ ಬಿಲ್ಲಿಗೆ ಬಹಳ ದೂರವೇನಲ್ಲ. ಹಾಗಾದರೆ ಸರಳ ಸೂತ್ರವೇ ಸಾಕಲ್ಲವೇ ಎಂದು ವಾದಿಸುವವರಿಗೆ ಇದು ಒಳ್ಳೆಯ ಸಾಕ್ಷಿಯಂತೆ ಕಾಣುತ್ತದೆ. ಆದರೆ ಉತ್ತರ ಹೊಂದಿದ್ದು ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿದ್ದರಿಂದ. ಯೂನಿಟ್ಟುಗಳು ಎರಡೂವರೆ ಪಟ್ಟಿಗಿಂತ ಹೆಚ್ಚು ಉಬ್ಬಿದವು, ಯೂನಿಟ್ಟಿನ ನಿಜವಾದ ಬೆಲೆ ಅದಕ್ಕೆ ತಕ್ಕಷ್ಟು ಕುಗ್ಗಿತು. ಇಂಥ ಲೆಕ್ಕವನ್ನು ನಂಬಿದವರು ದಿನಕ್ಕೆ ಒಂದು ಗಂಟೆ ಕಡಿಮೆ ಮಾಡಿದರೆ ಎಂಟನೇ ಒಂದು ಪಾಲು, ಅಂದರೆ ಸುಮಾರು 250 ರೂಪಾಯಿ ಉಳಿಯುತ್ತದೆ ಎಂದುಕೊಳ್ಳುತ್ತಾರೆ. ನಿಜದಲ್ಲಿ 262 ಯೂನಿಟ್ 245ರ ಸುಮಾರಿಗೆ ಇಳಿದು ನೂರ ಹತ್ತು ರೂಪಾಯಿ ಉಳಿಯುತ್ತದೆ. ಆದರೆ 205ರಲ್ಲಿರುವ ಮನೆ ಐದಾರು ಯೂನಿಟ್ ಕಡಿಮೆ ಮಾಡಿದರೆ ಸಾವಿರ ರೂಪಾಯಿಗೂ ಮೇಲೆ ಉಳಿಯುತ್ತದೆ. ಒಟ್ಟು ಮೊತ್ತ ಹೊಂದಿದ ಮಾತ್ರಕ್ಕೆ ಎಲ್ಲಿ ಹಿಡಿತ ಮಾಡಬೇಕೆಂಬುದು ತಿಳಿಯುವುದಿಲ್ಲ. ಎಸಿ ಇರುವ ಮನೆಗೆ ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿ, ಹಿಂದಿನ ಬಿಲ್ಲಿನ ರೀಡಿಂಗ್ ಕಳೆದು, 200ಕ್ಕೆ ಎಷ್ಟು ಉಳಿದಿದೆ ಎಂದು ಎಣಿಸುವುದು ಯಾವ ಸ್ಟಾರಿಗಿಂತಲೂ ಹೆಚ್ಚು ದುಡ್ಡು ಉಳಿಸಬಲ್ಲದು. ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜುಗಳ ಬಳಕೆಯೂ ಏರುವುದರಿಂದ ಚಳಿಗಾಲದ ಬಿಲ್ಲನ್ನು ಬುಡವಾಗಿ ಹಿಡಿಯುವಂತಿಲ್ಲ.

ಹೊರರಾಜ್ಯಗಳಲ್ಲಿರುವ ಕನ್ನಡಿಗರ ಲೆಕ್ಕದ ರೂಪ ಸ್ವಲ್ಪ ಬೇರೆ, ತತ್ವ ಅದೇ. ಬಳಕೆ ಏರಿದಂತೆ ಹಂತ ಹಂತವಾಗಿ ದರ ಏರುವ ಮಹಾರಾಷ್ಟ್ರದಂಥ ಕಡೆ ಎಸಿಯ ಯೂನಿಟ್ಟುಗಳು ಕೂರುವುದು ಬಿಲ್ಲಿನ ತುದಿಯ ದುಬಾರಿ ಹಂತದಲ್ಲಿ. ಬಿಲ್ಲಿನ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ ಬಂದ ಸರಾಸರಿಯನ್ನು ಎಸಿಗೆ ಹಚ್ಚಿದರೆ ಅದರ ಖರ್ಚು ಕಡಿಮೆಯಾಗಿ ಕಾಣುತ್ತದೆ. ಎಸಿ ಇದ್ದಾಗಿನ ಬಿಲ್ಲಿನಿಂದ ಎಸಿ ಇಲ್ಲದಿದ್ದರೆ ಬರುತ್ತಿದ್ದ ಬಿಲ್ಲನ್ನು ಕಳೆಯುವುದೇ ಎಲ್ಲ ರಾಜ್ಯಗಳಿಗೂ ಸಲ್ಲುವ ದಾರಿ.

ರಿಮೋಟಿನ ಅಂಕಿಯ ಬಗ್ಗೆ ಹಲವು ನಂಬಿಕೆಗಳಿವೆ. 16ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುತ್ತದೆ ಎಂಬುದು ಅವುಗಳಲ್ಲೊಂದು. 24ಕ್ಕೆ ಇಟ್ಟರೂ ಆರಂಭದಲ್ಲಿ ಕಂಪ್ರೆಸರ್ ತನ್ನ ಪೂರ್ತಿ ಬಲದಲ್ಲೇ ನಡೆಯುತ್ತದೆ. 16ಕ್ಕೆ ಇಟ್ಟಾಗ ವ್ಯತ್ಯಾಸವಾಗುವುದು ಅದು ಇಳಿಯದೆ ಹಾಗೇ ಮುಂದುವರಿಯುವುದರಲ್ಲಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಎಣಿಕೆ. 2020ರಿಂದ ಸ್ಟಾರ್ ಚೀಟಿಯ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ನಿಯಮವಾದದ್ದು ಇದೇ ಕಾರಣಕ್ಕೆ. ಇನ್ವರ್ಟರ್ ಎಸಿಯನ್ನು ಆರಿಸಿ ಹಾಕುವುದಕ್ಕಿಂತ ಹಗಲಿಡೀ ಬಿಟ್ಟಿರುವುದೇ ಅಗ್ಗ ಎಂಬ ಮಾತೂ ಕೇಳಿಬರುತ್ತದೆ. ಹತ್ತು ನಿಮಿಷ ಹೊರಗೆ ಹೋಗಿ ಬರುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಒಳಗೆ ತಂಪಿದ್ದಷ್ಟು ಹೊತ್ತೂ ಹೊರಗಿನ ಶಾಖ ಗೋಡೆ, ಸೂರು, ಕಿಟಕಿಗಳಿಂದ ನುಗ್ಗುತ್ತಲೇ ಇರುತ್ತದೆ, ಅದನ್ನೆಲ್ಲ ಯಂತ್ರವೇ ಹೊರಹಾಕಬೇಕು. ಯಾರೂ ಇಲ್ಲದ ನಾಲ್ಕು ಗಂಟೆ ಆರಿಸಿದ್ದರೆ ಕೋಣೆ ಬಿಸಿಯಾದಂತೆ ಆ ನುಗ್ಗುವಿಕೆಯೂ ತಗ್ಗುತ್ತದೆ, ಮತ್ತೆ ತಣ್ಣಗಾಗಿಸಲು ಬೇಕಾದ ವಿದ್ಯುತ್ತು ಉಳಿದದ್ದಕ್ಕಿಂತ ಕಡಿಮೆಯೇ.

ಎಲ್ಲ ಲೆಕ್ಕವೂ ಯಂತ್ರ ಸರಿಯಾಗಿದೆ ಎಂದು ನಂಬಿಕೊಂಡದ್ದು. ಫಿಲ್ಟರಿಗೆ ಧೂಳು ಕಟ್ಟಿದ್ದರೆ, ಹೊರಗಿನ ಡಬ್ಬಿಯ ಗಾಳಿಗೆ ಅಡ್ಡ ಬಂದಿದ್ದರೆ ಅಥವಾ ಗ್ಯಾಸ್ ಸೋರಿದ್ದರೆ ಕೋಣೆ ನಿಗದಿತ ತಾಪಕ್ಕೆ ಇಳಿಯುವುದೇ ಇಲ್ಲ, ಕಂಪ್ರೆಸರಿಗೆ ಬಿಡುವೂ ಇಲ್ಲ. ಮೀಟರಿನಲ್ಲಿ ಇದು ಹಿಡಿದುಬಿಡುತ್ತದೆ: ಹೋದ ವರ್ಷ ರಾತ್ರಿಗೆ 4.4 ಯೂನಿಟ್ ತಿನ್ನುತ್ತಿದ್ದದ್ದು ಅಂಥದೇ ಹವೆಯಲ್ಲಿ 7ಕ್ಕೆ ಏರಿದೆ, ಕೋಣೆ ಮಾತ್ರ ಮೊದಲಿನಷ್ಟು ತಣ್ಣಗಾಗುತ್ತಿಲ್ಲ. ಎಸಿ ಒಳಗೆ ಎಳೆಯುವ ಗಾಳಿಗೂ ಹೊರಗೆ ಬಿಡುವ ಗಾಳಿಗೂ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಡಿಗ್ರಿ ಅಂತರವಿರುತ್ತದೆ. ಅದು ನಾಲ್ಕೈದಕ್ಕೆ ಇಳಿದಿದ್ದರೆ ದರದ ಲೆಕ್ಕ ಬದಿಗಿಟ್ಟು ರಿಪೇರಿಯವರನ್ನು ಕರೆಯುವುದು ಲೇಸು.

ಕೊನೆಗೆ ಎಸಿ ನಡೆಯದ ತಿಂಗಳುಗಳ ಖರ್ಚು. ಮೀಟರು ದಾಖಲಿಸುವ ಗರಿಷ್ಠ ಬೇಡಿಕೆ ಮಂಜೂರಾದ ಲೋಡನ್ನು ಮೀರುತ್ತಿದ್ದರೆ ಲೋಡು ಏರಿಸಿಕೊಳ್ಳಬೇಕಾಗುತ್ತದೆ. ಒಂದು ಕಿಲೋವ್ಯಾಟ್ ಏರಿದರೆ ಸೊನ್ನೆ ಬಿಲ್ ಇಲ್ಲದ ಮನೆಗೆ ವರ್ಷಕ್ಕೆ 1,740 ರೂಪಾಯಿ. ಮೂರು ತಿಂಗಳಷ್ಟೇ ಎಸಿ ಬಳಸುವವರು ಅದನ್ನು ಆ ಮೂರಕ್ಕೆ ಹಂಚಿದರೆ ತಿಂಗಳಿಗೆ 580 ಸೇರುತ್ತದೆ. ಕೊಳ್ಳುವಾಗಿನ ಆಯ್ಕೆಯನ್ನೂ ಹೀಗೆಯೇ ಅಳೆಯಬೇಕು. ಮೂರು ಸ್ಟಾರಿನ ಯಂತ್ರದ ಚೀಟಿಯಲ್ಲಿ ಸುಮಾರು 960 ಯೂನಿಟ್ ಇದ್ದರೆ ಗಂಟೆಗೆ 0.6, ಐದು ಸ್ಟಾರಿಗಿಂತ 0.13 ಹೆಚ್ಚು. ದಿನಕ್ಕೆ 8 ಗಂಟೆಯಂತೆ ಮೂರು ತಿಂಗಳಿಗೆ ಈ ಅಂತರ 94 ಯೂನಿಟ್, ವರ್ಷಕ್ಕೆ 630 ರೂಪಾಯಿಯಷ್ಟು. ಬೆಂಗಳೂರಿನಲ್ಲಿ ಮಾರ್ಚಿನಿಂದ ಮೇವರೆಗೆ ಮಾತ್ರ ಎಸಿ ಹಾಕುವ ಮನೆ ಐದು ಸ್ಟಾರಿಗೆ ಎಂಟು ಸಾವಿರ ಹೆಚ್ಚಿಗೆ ಕೊಟ್ಟರೆ ಅದು ಹಿಂದಿರುಗಲು ಹನ್ನೆರಡು ವರ್ಷ ದಾಟುತ್ತದೆ. ಮಂಗಳೂರಿನಲ್ಲಿ ಎಂಟು ತಿಂಗಳು ಬಳಸುವ ಮನೆಗೆ ವರ್ಷಕ್ಕೆ 1,670ರಂತೆ ಐದು ವರ್ಷದೊಳಗೆ ಹಿಂದಿರುಗುತ್ತದೆ. ಇಷ್ಟಾಗಿಯೂ ತಿಂಗಳಿಗೆ ಮೂವತ್ತು ಯೂನಿಟ್ಟಿನ ಆ ಉಳಿತಾಯ 200ರ ಗೆರೆಯ ಈಚೆಗೆ ನಿಲ್ಲಿಸುವಂಥ ಮನೆಯಾದರೆ ಬೆಂಗಳೂರಿನ ಲೆಕ್ಕವೂ ತಲೆಕೆಳಗಾಗುತ್ತದೆ: ಗೆರೆ ದಾಟಿದ ಒಂದೊಂದು ತಿಂಗಳೂ ಸಾವಿರಕ್ಕೂ ಮಿಕ್ಕ ಹೊರೆ ತರುವಲ್ಲಿ ಎಂಟು ಸಾವಿರ ಎರಡು ಮೂರು ಬೇಸಿಗೆಯಲ್ಲೇ ತೀರುತ್ತದೆ.